‘ಶೀಘ್ರದಲ್ಲೇ’ ಎಂಬ ಪದ ಹೊಡೆದು ಹಾಕಿದ ಪತ್ರ

ನೋಟಿಸ್ ಬಂದಾಗ ನಾನು ಮೆಷಿನ್ ಹತ್ತಿರ ನಿಂತಿದ್ದೆ, ಕೈಗೆಲ್ಲ ಇಂಕು. ಪೋಸ್ಟ್‌ಮ್ಯಾನ್ ಸಹಿ ಹಾಕಿ ಅಂದರು, ಹಾಕಿದೆ. ಲಕೋಟೆಯ ಮೇಲೆ ವಕೀಲರ ಹೆಸರು ನೋಡಿದ ಕೂಡಲೇ ಗೊತ್ತಾಯಿತು. ನಮ್ಮದು ಸಣ್ಣ ಪ್ರಿಂಟಿಂಗ್ ಪ್ರೆಸ್. ಕಾಗದ ಕೊಡುವವರಿಗೆ ಜೂನ್ 3ರ ತಾರೀಕು ಹಾಕಿ 1,84,000 ರೂಪಾಯಿಯ ಚೆಕ್ ಕೊಟ್ಟಿದ್ದೆ. ನಮ್ಮ ಗ್ರಾಹಕರೊಬ್ಬರ ಹಣ ಅಷ್ಟರೊಳಗೆ ಖಾತೆಗೆ ಬಂದಿರುತ್ತದೆ ಎಂಬ ಲೆಕ್ಕದಲ್ಲಿ. ಬಂದಿರಲಿಲ್ಲ. ಕಾಗದದವರು 5ಕ್ಕೆ ಚೆಕ್ ಹಾಕಿದರು, 6ಕ್ಕೆ ವಾಪಸ್ಸಾಯಿತು, ಮೆಮೊದಲ್ಲಿ ‘ಫಂಡ್ಸ್ ಇನ್‌ಸಫಿಶಿಯೆಂಟ್’. ಅವತ್ತೇ ಅವರು ಫೋನ್ ಮಾಡಿದ್ದರು. ‘ಎರಡು ದಿನ ಸರ್’ ಎಂದಿದ್ದೆ. ಎರಡು ದಿನ ಹತ್ತು ದಿನವಾಯಿತು. ಮೊದಮೊದಲು ಅವರ ಫೋನ್ ಎತ್ತುತ್ತಿದ್ದೆ, ಆಮೇಲೆ ಎತ್ತಲಿಲ್ಲ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ನೋಟಿಸ್ ಬರಲು ಕಾರಣ ಚೆಕ್ ಬೌನ್ಸ್ ಆದದ್ದಕ್ಕಿಂತ ಜಾಸ್ತಿ ಆ ಎತ್ತದ ಫೋನ್ ಅಂತ ನನಗೆ ಈಗಲೂ ಅನಿಸುತ್ತದೆ.

ನೋಟಿಸ್ ಕೈಗೆ ಬಂದದ್ದು ಜೂನ್ 17. ಅವತ್ತು ರಾತ್ರಿ ಕೂತು ಉತ್ತರ ಬರೆದೆ. ಎರಡೂವರೆ ಪುಟ. ಗ್ರಾಹಕರು ಹೇಗೆ ಕೈಕೊಟ್ಟರು, ಈ ವರ್ಷ ಕೆಲಸ ಹೇಗೆ ಕಡಿಮೆಯಾಗಿದೆ, ನಮ್ಮಿಬ್ಬರ ವ್ಯವಹಾರ ಎಷ್ಟು ವರ್ಷದ್ದು, ಬ್ಯಾಂಕಿನವರು ಒಂದು ಫೋನ್ ಮಾಡಿದ್ದರೂ ನಾನು ಹೇಗಾದರೂ ಹೊಂದಿಸುತ್ತಿದ್ದೆ, ಇತ್ಯಾದಿ. ಕೊನೆಗೆ ‘ಶೀಘ್ರದಲ್ಲೇ ಪೂರ್ತಿ ಹಣ ಪಾವತಿಸುತ್ತೇನೆ’ ಎಂದು ಬರೆದು, ಅದು ಸಾಲದು ಎನಿಸಿ ‘ಜುಲೈ 10ರೊಳಗೆ’ ಎಂದೂ ಸೇರಿಸಿದೆ. ಗ್ರಾಹಕರ ಹಣ ಜುಲೈ 5ಕ್ಕೆ ಬರುವುದಿತ್ತು. ಐದು ದಿನ ಕೈಯಲ್ಲಿರಲಿ ಅಂತ 10 ಹಾಕಿದ್ದೆ. ಓದಿ ನೋಡಿದಾಗ ಪತ್ರ ಚೆನ್ನಾಗಿದೆ ಎನಿಸಿತು. ಯಾರಾದರೂ ಓದಿದರೆ ಕರಗಬೇಕು, ಹಾಗಿತ್ತು.

ದೊಡ್ಡಮ್ಮನ ಮಗಳು ವಕೀಲೆ. ಮರುದಿನ ಅವಳಿಗೆ ತೋರಿಸಿದೆ.

‘ಇದೇನೋ, ಉತ್ತರಾನೋ ಕಾದಂಬರಿನೋ?’ ಎಂದಳು.

‘ತಪ್ಪು ಒಪ್ಪಿಕೊಂಡಿದ್ದೀನಲ್ಲಕ್ಕ.’

‘ಒಪ್ಪಿಕೊಂಡಿದ್ದೀಯ. ಸರಿ. ದುಡ್ಡು ಯಾವತ್ತು ಕೊಡ್ತೀಯ?’

‘ಬರೆದಿದ್ದೀನಲ್ಲ, ಹತ್ತನೇ ತಾರೀಕು.’

ಅವಳು ಕ್ಯಾಲೆಂಡರ್ ತಿರುಗಿಸಿ ಜುಲೈ 2ರ ಮೇಲೆ ಬೆರಳಿಟ್ಟಳು. ‘ನಿನ್ನ ಪತ್ರಕ್ಕೆ ಇಲ್ಲೀವರೆಗೆ ಬೆಲೆ. ಆಮೇಲೆ ಬರೀ ಕಾಗದ.’

ಹದಿನೈದು ದಿನ

ಚೆಕ್ ಬೌನ್ಸಿಗೆ ಅನ್ವಯಿಸುವ ಸೆಕ್ಷನ್ 138 ಅಂದರೆ ಏನು ಅಂತ ವ್ಯಾಪಾರ ಮಾಡುವ ಎಲ್ಲರಿಗೂ ಗೊತ್ತು. ನನಗೂ ಗೊತ್ತಿದೆ ಅಂದುಕೊಂಡಿದ್ದೆ. ಎರಡು ವರ್ಷದವರೆಗೆ ಜೈಲು ಅಥವಾ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ ಅಥವಾ ಎರಡೂ, ಇದು ಎಲ್ಲರ ಬಾಯಲ್ಲಿ ಇರುವ ಭಾಗ. ಆದರೆ ಚೆಕ್ ಬೌನ್ಸ್ ಆದ ಕ್ಷಣಕ್ಕೇ ಕೇಸು ಹುಟ್ಟುವುದಿಲ್ಲ ಎಂಬುದು ನನಗೆ ಸರಿಯಾಗಿ ತಲೆಗೆ ಹೋಗಿರಲಿಲ್ಲ. ಚೆಕ್ ವಾಪಸ್ಸಾದ ವಿಷಯ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಹಣ ಬರಬೇಕಾದವರು ಬರವಣಿಗೆಯಲ್ಲಿ ನೋಟಿಸ್ ಕೊಡಬೇಕು. ನೋಟಿಸ್ ಕೈಗೆ ಬಂದ ಮೇಲೆ ಚೆಕ್ ಕೊಟ್ಟವರಿಗೆ 15 ದಿನ ಇರುತ್ತದೆ. ಆ 15 ದಿನದೊಳಗೆ ಹಣ ಕೊಡದಿದ್ದರೆ ಮಾತ್ರ ಕೇಸು ಹಾಕುವ ಹಕ್ಕು ಬರುತ್ತದೆ. ಕೊಟ್ಟರೆ ಅಲ್ಲಿಗೆ ಮುಗಿಯಿತು, ಸೆಕ್ಷನ್ 138ರ ಮಟ್ಟಿಗೆ ಅಪರಾಧವೇ ಆಗಿಲ್ಲ. ನೋಟಿಸ್ ಬಂದ ದಿನವನ್ನು ಬಿಟ್ಟು ಎಣಿಸಬೇಕು. ನನಗೆ 17ಕ್ಕೆ ಬಂತು, 18ರಿಂದ ಎಣಿಸಿದರೆ ಹದಿನೈದನೇ ದಿನ ಜುಲೈ 2.

ಇಲ್ಲಿ ಗಮನಿಸಬೇಕಾದ್ದು ಒಂದೇ. ಕಾನೂನು ಕೇಳುವುದು ಹಣವನ್ನು, ಉತ್ತರವನ್ನಲ್ಲ. ನೋಟಿಸಿಗೆ ಉತ್ತರ ಬರೆಯಲೇಬೇಕು ಅಂತ ಸೆಕ್ಷನ್ 138ರಲ್ಲಿ ಎಲ್ಲೂ ಇಲ್ಲ. ಬರೆದರೂ ಗಡಿಯಾರ ನಿಲ್ಲುವುದಿಲ್ಲ. ‘ಜುಲೈ 10ಕ್ಕೆ ಕೊಡುತ್ತೇನೆ’ ಎಂಬ ಎರಡೂವರೆ ಪುಟದ ಪತ್ರ ಜುಲೈ 3ರ ಬೆಳಿಗ್ಗೆ ಏನು ಮಾಡುತ್ತದೆ? ಸಾಲ ಇದೆ, ಚೆಕ್ ನನ್ನದೇ, ಸಹಿ ನನ್ನದೇ, ಹಣ ಕೊಟ್ಟಿಲ್ಲ ಎಂದು ನಾನೇ ಬರೆದುಕೊಟ್ಟ ಸಾಕ್ಷಿಯಾಗಿ ಅವರ ವಕೀಲರ ಫೈಲಿನಲ್ಲಿ ಕೂರುತ್ತದೆ. ಅಕ್ಕ ಇದನ್ನು ಹೇಳಿದಾಗ ನನಗೆ ನಿಜವಾಗಿ ಬೆವರು ಬಂತು.

ಹಾಗಾದರೆ ಒಪ್ಪಿಕೊಳ್ಳುವುದೇ ತಪ್ಪಾ ಎಂದು ಕೇಳಿದೆ. ಅಲ್ಲ ಎಂದಳು. ಚೆಕ್ಕಿನ ಮೇಲಿನ ಸಹಿ ನಿನ್ನದು ಅಂತಾದರೆ, ಸಾಲಕ್ಕಾಗಿಯೇ ಕೊಟ್ಟದ್ದು ಎಂದು ಕೋರ್ಟು ಹೇಗೂ ನಂಬಿಕೊಂಡೇ ಶುರು ಮಾಡುತ್ತದೆ, ಅಲ್ಲ ಎಂದು ತೋರಿಸುವ ಹೊಣೆ ನಿನ್ನದು. ನಿಜವಾಗಿ ಕೊಡಬೇಕಾದ ಹಣವಾದರೆ ಒಪ್ಪಿಕೊಂಡು ಕಳೆದುಕೊಳ್ಳುವುದು ಹೆಚ್ಚೇನಿಲ್ಲ. ಆದರೆ ಒಪ್ಪಿಗೆಯ ಜತೆಗೇ ಹಣ ಹೋಗಿರಬೇಕು. ಕಾಗದದ ಗುಣಮಟ್ಟದ ಬಗ್ಗೆ ತಕರಾರಿದ್ದರೆ, ಲೆಕ್ಕದಲ್ಲಿ ವ್ಯತ್ಯಾಸ ಇದ್ದರೆ, ಅದು ಬೇರೆಯೇ ಪತ್ರ. ಅದನ್ನು ರಾತ್ರಿ ಒಬ್ಬನೇ ಕೂತು ಬರೆಯಬಾರದು.

ನಾನೇ ನಂಬಿ ಕೂತಿದ್ದ ಕಥೆ

ವಿಚಿತ್ರ ಎಂದರೆ, ‘ಶೀಘ್ರದಲ್ಲೇ’ ಎಂಬ ಪದದ ರುಚಿ ನನಗೆ ಮೊದಲೇ ಗೊತ್ತಿರಬೇಕಿತ್ತು. ಕೆಲವು ವರ್ಷಗಳ ಹಿಂದೆ ಒಬ್ಬರು ನಮ್ಮಲ್ಲಿ ಕ್ಯಾಟಲಾಗ್ ಪ್ರಿಂಟ್ ಮಾಡಿಸಿ 46,000 ರೂಪಾಯಿಗೆ ಚೆಕ್ ಕೊಟ್ಟಿದ್ದರು. ಅದು ಬೌನ್ಸ್ ಆಯಿತು. ನಾನೂ ನೋಟಿಸ್ ಕೊಡಿಸಿದೆ. ವಾರದೊಳಗೆ ಉತ್ತರ ಬಂತು, ಎಷ್ಟು ವಿನಯದ ಪತ್ರ ಅಂತೀರಾ. ಆದ ತೊಂದರೆಗೆ ಕ್ಷಮೆ ಇರಲಿ, ಶೀಘ್ರದಲ್ಲೇ ಬಾಕಿ ಚುಕ್ತಾ ಮಾಡುತ್ತೇನೆ, ದಯವಿಟ್ಟು ಮುಂದಿನ ಕ್ರಮ ಬೇಡ. ನನಗೆ ಎಷ್ಟು ಸಮಾಧಾನವಾಯಿತು ಎಂದರೆ ಅದನ್ನು ಹೆಂಡತಿಗೂ ಓದಿ ಹೇಳಿದೆ. ಅವಳು ‘ತಾರೀಕು ಎಲ್ಲಿದೆ?’ ಎಂದು ಕೇಳಿದಳು. ‘ಮರ್ಯಾದಸ್ಥರು ಕಣೇ, ಕೊಡ್ತಾರೆ’ ಎಂದೆ.

ಹದಿನೈದು ದಿನ ಮುಗಿದ ಮೇಲೆ ಕೇಸು ಹಾಕಲು ಒಂದೇ ತಿಂಗಳು ಇರುವುದು. ಆ ಒಂದು ತಿಂಗಳು ನಾನು ಆ ಪತ್ರ ನಂಬಿಕೊಂಡು ಸುಮ್ನೆ ಕೂತೆ. ಫೋನ್ ಮಾಡಿದರೆ ‘ಈ ವಾರ’, ಮತ್ತೆ ಮಾಡಿದರೆ ‘ಈ ವಾರ ಕಷ್ಟ, ಮುಂದಿನ ವಾರ’. ತಿಂಗಳು ಕಳೆದ ಮೇಲೆ ಅವರ ದನಿಯೇ ಬದಲಾಯಿತು, ಅದೂ ಯಾರೋ ಹೇಳಿಕೊಟ್ಟ ಹಾಗೆ. ತಡವಾದದ್ದಕ್ಕೆ ಸರಿಯಾದ ಕಾರಣ ಕೊಟ್ಟರೆ ಕೋರ್ಟು ದೂರು ತೆಗೆದುಕೊಳ್ಳಬಹುದು, ಆ ಅವಕಾಶ ಕಾನೂನಿನಲ್ಲಿದೆ. ಆದರೆ ‘ಅವರು ಕೊಡ್ತೀನಿ ಅಂದಿದ್ದರು’ ಎಂಬುದು ಗಟ್ಟಿ ಕಾರಣವಲ್ಲ ಎಂದರು ನಮ್ಮ ವಕೀಲರು. ಚೆಕ್ಕನ್ನು ಮತ್ತೊಮ್ಮೆ ಬ್ಯಾಂಕಿಗೆ ಹಾಕೋಣ, ಮತ್ತೆ ಬೌನ್ಸ್ ಆದರೆ ಹೊಸ ನೋಟಿಸ್ ಕೊಡೋಣ ಎಂದರೆ, ಚೆಕ್ಕಿನ ಆಯಸ್ಸು ಅದರ ತಾರೀಕಿನಿಂದ ಮೂರು ತಿಂಗಳು, ಅದೂ ಮುಗಿದಿತ್ತು. ಉಳಿದದ್ದು ಸಿವಿಲ್ ದಾವೆ. ಅದಕ್ಕೆ ಆ ವಿನಯದ ಪತ್ರವೇ ಉಪಯೋಗಕ್ಕೆ ಬರುತ್ತಿತ್ತು ಅನ್ನಿ. ಸಾಲ ಇದೆ ಎಂದು ಸಹಿ ಹಾಕಿ ಬರೆದುಕೊಟ್ಟರೆ, ಹಣ ವಸೂಲಿಗೆ ದಾವೆ ಹೂಡುವ ಮೂರು ವರ್ಷದ ಲೆಕ್ಕ ಆ ಪತ್ರದ ತಾರೀಕಿನಿಂದ ಹೊಸದಾಗಿ ಶುರುವಾಗುತ್ತದೆ. ನಾನು ದಾವೆ ಹೂಡಲಿಲ್ಲ. ಎರಡು ಕಂತು ಬಂತು, ಮೂರನೆಯದು ಬರಲಿಲ್ಲ.

ಅಂಥ ಪತ್ರ ಓದಿ ಮೋಸ ಹೋದವನು ನಾನೇ, ನನ್ನ ಸರದಿ ಬಂದಾಗ ಅದೇ ಪತ್ರ ಬರೆದಿದ್ದೆ. ಅದೇ ಪದ, ಅದೇ ಜಾಗದಲ್ಲಿ. ಕಾಗದದವರು ಅದನ್ನು ಹೇಗೆ ಓದುತ್ತಿದ್ದರು ಎಂದು ಯೋಚಿಸಲು ನನಗಿಂತ ಸರಿಯಾದವರು ಯಾರಿದ್ದಾರೆ ಹೇಳಿ. ಅವರ ವಕೀಲರೂ ಅವರಿಗೆ ಇದನ್ನೇ ಹೇಳುತ್ತಿದ್ದರು: ಕಾಯಬೇಡಿ, ನಿಮಗಿರುವುದು ಒಂದೇ ತಿಂಗಳು.

ಬದಲಿ ಚೆಕ್ ಯಾಕೆ ಬೇಡ

ನನ್ನ ಕೈಯಲ್ಲಿ ಅವತ್ತಿಗೆ 1,20,000 ಇತ್ತು. ಹಾಗಾಗಿ ಇನ್ನೊಂದು ಉಪಾಯ ಮುಂದಿಟ್ಟೆ. 1,20,000 ಈಗಲೇ ಕೊಡುವುದು, ಉಳಿದ 64,000ಕ್ಕೆ ಜುಲೈ 6ರ ತಾರೀಕು ಹಾಕಿ ಹೊಸ ಚೆಕ್ ಕೊಡುವುದು. ಹಳೇ ಚೆಕ್ಕಿಗೆ ಬದಲಿ ಚೆಕ್, ಎಲ್ಲರೂ ಮಾಡುವುದೇ ಅಲ್ವಾ.

ಅಕ್ಕ ಇದಕ್ಕೂ ತಲೆ ಅಲ್ಲಾಡಿಸಿದಳು. 138 ಹೇಳುವುದು ಆ ಚೆಕ್ಕಿನ ಪೂರ್ತಿ ಮೊತ್ತವನ್ನು. ಮೂರರಲ್ಲಿ ಎರಡು ಪಾಲು ಕೊಟ್ಟು ಒಂದು ಪಾಲು ಉಳಿಸಿಕೊಂಡರೆ ಜುಲೈ 2 ದಾಟಿದ ಮೇಲೂ ನೀನು ಅಲ್ಲೇ ನಿಂತಿರುತ್ತೀಯ, ಅವರಾಗಿ ಒಪ್ಪಿ ಬರೆದುಕೊಟ್ಟರೆ ಮಾತ್ರ ಬೇರೆ ಮಾತು. ಹೊಸ ಚೆಕ್ ಅಂದರೆ ಹಣ ಅಲ್ಲ, ಹಣ ಕೊಡುತ್ತೇನೆ ಎಂಬ ಇನ್ನೊಂದು ಮಾತು ಅಷ್ಟೇ. ಅದು ಪಾಸಾಗಿ ಅವರ ಖಾತೆಗೆ ಜಮಾ ಆದ ದಿನ ಅದು ಪಾವತಿ. ಅದೂ ಬೌನ್ಸ್ ಆದರೆ? ಸಾಲ ತೀರಿಸಲು ಕೊಟ್ಟ ಚೆಕ್ ತಾನೇ, ಅದಕ್ಕೆ ಮತ್ತೊಂದು ನೋಟಿಸ್, ಮತ್ತೊಂದು 15 ದಿನ, ಮತ್ತೊಂದು ಕೇಸು. ‘ನಿನ್ನ ಗ್ರಾಹಕರು ಐದನೇ ತಾರೀಕು ಖಂಡಿತ ಹಾಕ್ತಾರಾ?’ ಎಂದು ಕೇಳಿದಳು. ಇಷ್ಟೆಲ್ಲ ಆದದ್ದೇ ಅವರು ಖಂಡಿತ ಹಾಕ್ತಾರೆ ಎಂದು ನಂಬಿದ್ದರಿಂದ.

ಹೀಗಾಗಿ ಒಂದು ಎಫ್‌ಡಿ ಮುರಿದೆ. ಬಡ್ಡಿಯಲ್ಲಿ ಒಂದಿಷ್ಟು ಹೋಯಿತು. ಜೂನ್ 24ಕ್ಕೆ 1,84,000 ರೂಪಾಯಿ ಎನ್‌ಇಎಫ್‌ಟಿ ಮಾಡಿದೆ. (ಆರ್‌ಟಿಜಿಎಸ್ ಮಾಡೋಣ ಎಂದು ಹೊರಟಿದ್ದೆ, ಅದಕ್ಕೆ ಕನಿಷ್ಠ 2 ಲಕ್ಷ ಇರಬೇಕು. ಇಷ್ಟು ವರ್ಷ ವ್ಯಾಪಾರ ಮಾಡಿಯೂ ಇದು ಮರೆತುಹೋಗುತ್ತದೆ.) ಹಣವನ್ನು ಅವರ ವಕೀಲರಿಗಲ್ಲ, ಅವರದೇ ಖಾತೆಗೆ, ಹಿಂದೆ ನಾವು ಯಾವಾಗಲೂ ಹಾಕುತ್ತಿದ್ದ ಖಾತೆಗೇ ಹಾಕಿದೆ. ಹಾಕುವ ಮೊದಲು ಕಾಗದದವರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ನ್ಯಾಯವೇ.

ನೋಟಿಸಿನಲ್ಲಿ ಚೆಕ್ ಮೊತ್ತದ ಜತೆಗೆ ಶೇಕಡ 18 ಬಡ್ಡಿ, ನೋಟಿಸ್ ಖರ್ಚು 5,000 ಎಂದೂ ಕೇಳಿದ್ದರು. ಮೊದಲು ಓದಿದಾಗ ನನಗೆ ಸಿಟ್ಟು ಬಂದದ್ದು ಇದಕ್ಕೇ. ಬಿಲ್ಲಿನಲ್ಲಿ ಬಡ್ಡಿಯ ಮಾತೇ ಇರಲಿಲ್ಲ. ನನ್ನ ಮೊದಲ ಪತ್ರದಲ್ಲಿ ಅರ್ಧ ಪುಟ ಇದರ ಮೇಲೇ ಜಗಳವಿತ್ತು. ಆದರೆ 138ರ 15 ದಿನದ ಲೆಕ್ಕಕ್ಕೆ ಬರುವುದು ಚೆಕ್ ಮೊತ್ತ ಮಾತ್ರ. ಬಡ್ಡಿ, ಖರ್ಚು ಬೇರೆ ಮಾತುಕತೆ. ಅವುಗಳ ತಕರಾರು ಮುಗಿಯಲಿ ಎಂದು ಚೆಕ್ ಮೊತ್ತವನ್ನೂ ತಡೆಹಿಡಿದು ಕೂರುವವರು ತಮ್ಮ ಕಾಲಿಗೆ ತಾವೇ ಕಲ್ಲು ಹಾಕಿಕೊಳ್ಳುತ್ತಾರೆ. ಸಿಟ್ಟು ಇಳಿದ ಮೇಲೆ ಲೆಕ್ಕ ಮಾಡಿ ನೋಡಿದೆ. ಚೆಕ್ ತಾರೀಕಿನಿಂದ ಜೂನ್ 24ರವರೆಗೆ 21 ದಿನ, ದಿನಕ್ಕೆ ಸುಮಾರು 91 ರೂಪಾಯಿ, ಒಟ್ಟು 1,900ರ ಆಸುಪಾಸು. ಇದಕ್ಕಾಗಿ ಅರ್ಧ ಪುಟ ಜಗಳ! ಅದನ್ನೂ ನೋಟಿಸ್ ಖರ್ಚನ್ನೂ ಸೇರಿಸಿ 6,900 ಕೊಟ್ಟೆ, ಆದರೆ ಬೇರೆಯಾಗಿ, ಎರಡನೇ ಸಲ ಕಳಿಸಿ. ಒಟ್ಟಿಗೆ 1,90,900 ಕಳಿಸಿದರೆ ನಾಳೆ ಯಾರಾದರೂ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದಾಗ ಇದು ಯಾವ ಲೆಕ್ಕ, ಬೇರೆ ಬಿಲ್ಲಿನದಾ ಎಂಬ ಮಾತು ಬರಬಹುದು. ಚೆಕ್ಕಿನಲ್ಲಿದ್ದ ಅಂಕಿಯೇ ಸ್ಟೇಟ್‌ಮೆಂಟಿನಲ್ಲೂ ಒಂದೇ ಸಾಲಿನಲ್ಲಿ ಕಾಣಬೇಕು. ಈ ಸಣ್ಣ ಕಿವಿಮಾತು ಅಕ್ಕನದು, ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದದ್ದೂ ಇದೇ.

ಉಳಿದ ಪತ್ರ

ಇನ್ನು ಪತ್ರ. ಅಕ್ಕ ಪೆನ್ನು ಹಿಡಿದು ಹೊಡೆದು ಹಾಕುತ್ತಾ ಹೋದಳು. ಮೊದಲು ಹೋದದ್ದು ಬ್ಯಾಂಕಿನ ಮೇಲೆ ಹಾಕಿದ ಸಾಲು. ಮೆಮೊದಲ್ಲಿ ಹಣ ಸಾಲದು ಎಂದು ಇರುವಾಗ ಬ್ಯಾಂಕಿನವರದು ತಪ್ಪು ಎಂದು ಬರೆದರೆ, ಇಡೀ ಪತ್ರದಲ್ಲಿ ಸುಲಭವಾಗಿ ಸುಳ್ಳಾಗುವ ಸಾಲು ಅದೇ. ಆಮೇಲೆ ‘ಖಾತೆಯಲ್ಲಿ ಅಷ್ಟು ಹಣ ಇಲ್ಲ ಎಂದು ಗೊತ್ತಿದ್ದರೂ ನಂಬಿಕೆಯ ಮೇಲೆ ಚೆಕ್ ಕೊಟ್ಟೆ’ ಎಂಬ ಸಾಲು ಹೋಯಿತು. ನಾನು ಅದನ್ನು ಪ್ರಾಮಾಣಿಕತೆ ಎಂದುಕೊಂಡಿದ್ದೆ. ಮೋಸದ ದೂರು ಕೊಡಬೇಕು ಎಂದು ಹುಡುಕುವವರಿಗೆ ಅದು ಸಿದ್ಧ ಊಟ ಎಂದಳು. ಗ್ರಾಹಕರ ಕಥೆ ಒಂದು ಸಾಲಿಗೆ ಇಳಿಯಿತು. ಹಳೇ ಸ್ನೇಹದ ಪ್ಯಾರಾ ಪೂರ್ತಿ ಹೋಯಿತು. ‘ಶೀಘ್ರದಲ್ಲೇ’ ಪದದ ಮೇಲೆ ಅವಳು ಎರಡು ಗೆರೆ ಎಳೆದಳು.

ಕೊನೆಗೆ ಉಳಿದದ್ದು ಹೆಚ್ಚು ಕಡಿಮೆ ಇಷ್ಟು. ಅವರ ವಕೀಲರ ಹೆಸರಿಗೆ, ಒಂದು ಪ್ರತಿ ಕಾಗದದವರಿಗೆ:

*ತಮ್ಮ ಜೂನ್ 14ರ ನೋಟಿಸ್ ಜೂನ್ 17ರಂದು ನನ್ನ ಕೈ ಸೇರಿದೆ. ನಾನು ಕೊಟ್ಟ ಜೂನ್ 3ರ 1,84,000 ರೂಪಾಯಿಯ ಚೆಕ್ (ಚೆಕ್ ಸಂಖ್ಯೆ ಇಲ್ಲಿ) ಖಾತೆಯಲ್ಲಿ ಸಾಕಷ್ಟು ಹಣ ಇಲ್ಲದ ಕಾರಣ ವಾಪಸ್ಸಾಗಿರುವುದು ನಿಜ. ನನಗೆ ಬರಬೇಕಿದ್ದ ಹಣ ತಡವಾದದ್ದರಿಂದ ಹೀಗಾಯಿತು. ತಮ್ಮ ಕಕ್ಷಿದಾರರಿಗೆ ಆದ ತೊಂದರೆಗೆ ವಿಷಾದಿಸುತ್ತೇನೆ.*

*ಸದರಿ ಚೆಕ್ಕಿನ ಪೂರ್ತಿ ಮೊತ್ತ 1,84,000 ರೂಪಾಯಿಯನ್ನು ಜೂನ್ 24ರಂದು ತಮ್ಮ ಕಕ್ಷಿದಾರರ ಖಾತೆಗೆ ಎನ್‌ಇಎಫ್‌ಟಿ ಮೂಲಕ ಪಾವತಿಸಿದ್ದೇನೆ (ಯುಟಿಆರ್ ಸಂಖ್ಯೆ ಇಲ್ಲಿ). ನೋಟಿಸಿನಲ್ಲಿ ಕೇಳಿರುವ ಬಡ್ಡಿ ಮತ್ತು ಖರ್ಚಿನ ಬಾಬ್ತು 6,900 ರೂಪಾಯಿಯನ್ನು ಅದೇ ದಿನ ಪ್ರತ್ಯೇಕವಾಗಿ ಪಾವತಿಸಿದ್ದೇನೆ (ಯುಟಿಆರ್ ಸಂಖ್ಯೆ ಇಲ್ಲಿ). ಎರಡರ ಬ್ಯಾಂಕ್ ರಸೀದಿ ಲಗತ್ತಿಸಿದೆ.*

*ಸದರಿ ಚೆಕ್ಕನ್ನು ಮತ್ತೆ ಬ್ಯಾಂಕಿಗೆ ಹಾಕದೆ ಮೂಲ ಚೆಕ್ಕನ್ನು ನನಗೆ ಹಿಂತಿರುಗಿಸಬೇಕೆಂದೂ, ಈ ಚೆಕ್ಕಿನ ಬಾಬ್ತು ಹಣ ಸಂದಿದೆ, ಬೇರೆ ಬಾಕಿ ಇಲ್ಲ ಎಂದು ಬರೆದುಕೊಡಬೇಕೆಂದೂ ಕೋರುತ್ತೇನೆ.*

‘ಪಾವತಿಸುತ್ತೇನೆ’ ಎಂದು ಬರೆದದ್ದೆಲ್ಲ ‘ಪಾವತಿಸಿದ್ದೇನೆ’ ಆಯಿತು. ನಿಮಗೆ ಅದೇ ದಿನ ಹಣ ಹೊಂದಿಸಲು ಆಗದಿದ್ದರೆ ಎರಡನೇ ಪ್ಯಾರಾದಲ್ಲಿ ‘ಜೂನ್ 30ರಂದು, ಪೂರ್ತಿ ಮೊತ್ತ, ಎನ್‌ಇಎಫ್‌ಟಿ ಅಥವಾ ಡಿಡಿ ಮೂಲಕ’ ಎಂದು ಬರೆಯಬಹುದು. ಆದರೆ ಆ ತಾರೀಕು 15 ದಿನದ ಒಳಗೇ ಇರಬೇಕು, ಆ ದಿನ ಹಣ ಹೋಗಲೇಬೇಕು, ಹೋದ ಮೇಲೆ ಯುಟಿಆರ್ ಅಥವಾ ಡಿಡಿ ಸಂಖ್ಯೆ ಬರೆದು ಇನ್ನೊಂದು ಪತ್ರ ಹಾಕಬೇಕು. ಹದಿನೈದು ದಿನದಲ್ಲಿ ಆಗುವುದೇ ಇಲ್ಲ ಎಂದಾದರೆ, ಪತ್ರ ಬರೆದು ಕೂರುವುದಕ್ಕಿಂತ ಅವರ ಬಳಿಗೇ ಹೋಗಿ, ಎಷ್ಟು, ಯಾವತ್ತು ಎಂದು ಮಾತಾಡಿ, ಅವರ ಸಹಿಯೂ ಇರುವ ಒಪ್ಪಂದ ಮಾಡಿಕೊಳ್ಳುವುದು ಮೇಲು. ಒಂದೇ ಕಡೆಯ ಸಹಿ ಇರುವ ಭರವಸೆ ಅವರನ್ನು ಕಟ್ಟಿಹಾಕುವುದಿಲ್ಲ.

ಕೊನೆಯ ಪ್ಯಾರಾ ಬಗ್ಗೆ ಒಂದು ಮಾತು. ನನಗೆ ಅದು ಅವಮಾನ ಮಾಡಿದ ಹಾಗೆ ಕಂಡಿತ್ತು, ಹಣ ಕೊಟ್ಟು ಚೆಕ್ ವಾಪಸ್ ಕೇಳುವುದು ಎಂದರೆ ಅವರ ಮೇಲೆ ನಂಬಿಕೆ ಇಲ್ಲ ಎಂದ ಹಾಗೆ ಅಲ್ವಾ. ಆದರೆ ಆ ಚೆಕ್ಕಿಗೆ ಸೆಪ್ಟೆಂಬರ್ ಶುರುವಿನವರೆಗೂ ಜೀವ ಇತ್ತು. ಅವರ ಆಫೀಸಿನ ಹುಡುಗ ಗೊತ್ತಿಲ್ಲದೆ ಮತ್ತೊಮ್ಮೆ ಹಾಕಿದರೂ ಸಾಕು. ಖಾತೆಯಲ್ಲಿ ಹಣ ಇದ್ದರೆ ಎರಡನೇ ಸಲ ಹೋಗುತ್ತದೆ, ಇಲ್ಲದಿದ್ದರೆ ಎರಡನೇ ಸಲ ಬೌನ್ಸ್. ಹಾಗಾಗಿ ಪತ್ರ ಹಾಕಿದ ದಿನವೇ ಬ್ಯಾಂಕಿಗೂ ಆ ಚೆಕ್ ಪಾಸು ಮಾಡಬೇಡಿ ಎಂದು ಬರೆದುಕೊಟ್ಟೆ, ಹಣ ಬೇರೆ ದಾರಿಯಲ್ಲಿ ಕೊಟ್ಟಾಗಿದೆ ಎಂಬ ಕಾರಣವನ್ನೂ ಬರೆದು, ಅದರ ಪ್ರತಿಗೆ ಸೀಲು ಹಾಕಿಸಿಕೊಂಡೆ. ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕಿ ರಸೀದಿ ಇಟ್ಟುಕೊಂಡೆ. ಅದರ ಫೋಟೋ ತೆಗೆದು ಕಾಗದದವರ ವಾಟ್ಸಾಪಿಗೂ ಹಾಕಿದೆ. ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ.

ಒಂಬತ್ತು ದಿನ ಬಿಟ್ಟು ಒಂದು ಲಕೋಟೆ ಬಂತು. ಒಳಗೆ ನನ್ನ ಚೆಕ್, ಬೌನ್ಸ್ ಮೆಮೊ ಅದಕ್ಕೇ ಪಿನ್ ಹೊಡೆದು, ಚೆಕ್ಕಿನ ಮೇಲೆ ಅಡ್ಡಡ್ಡ ಎರಡು ಗೆರೆ. ಜತೆಗೆ ಅವರ ಲೆಟರ್‌ಹೆಡ್‌ನಲ್ಲಿ ಎರಡು ಸಾಲು: ಹಣ ಸಂದಿದೆ, ಈ ಚೆಕ್ಕಿನ ಬಾಬ್ತು ಬೇರೆ ಬಾಕಿ ಇಲ್ಲ. ಸಹಿ, ಸೀಲು. ಗ್ರಾಹಕರ ಹಣ ಬಂದದ್ದು ಜುಲೈ 11ಕ್ಕೆ, 5ಕ್ಕಲ್ಲ.

ಆಗಸ್ಟಿನಲ್ಲಿ ಮತ್ತೆ ಕಾಗದ ಬೇಕಾಯಿತು. ಅವರಿಗೇ ಫೋನ್ ಮಾಡಿದೆ. ಈ ಸಲ ಎತ್ತಿದರು. ರೇಟು ಹೇಳಿದರು, ಯಾವತ್ತು ಗಾಡಿ ಕಳಿಸುತ್ತೇನೆ ಎಂದು ಹೇಳಿದರು, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅರ್ಧ ಮುಂಗಡ ಹಾಕಿಬಿಡಿ, ಚೆಕ್ ಬೇಡ’ ಎಂದರು. ಆಗಲಿ ಸರ್ ಎಂದೆ. ಫೋನ್ ಇಡುವ ಮೊದಲೇ ಹಾಕಿದೆ.